ಪ್ಲೇಟಮ್ಮ ಮತ್ತು ಮೂರನೆಯ ಖಾನೆ

ಆ ನರ್ಸಿಂಗ್ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ದುಡಿದ ಹೆಂಗಸಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು. ಬಾಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಗಾಜಿನ ಪ್ಲೇಟು ತೊಳೆದು, ಅದಕ್ಕೆ ಸೂಕ್ಷ್ಮಜೀವಿ ಬೆಳೆಸುವ ಬಿಸಿ ಅಗರ್ ಹೊಯ್ದು, ಮರುದಿನ ಅದರ ಮೇಲೆ ಬೆಳೆದ ಚುಕ್ಕೆಗಳನ್ನು ಓದಿ ಹೇಳುತ್ತಿದ್ದುದರಿಂದ ಹುಡುಗಿಯರ ಬಾಯಲ್ಲಿ ಆಕೆ ಪ್ಲೇಟಮ್ಮ. ಸಂಬಳದ ಚೀಟಿಯಲ್ಲಿ ತಂತ್ರಜ್ಞೆ. ಮನೆಯಲ್ಲಿ ಏನೂ ಅಲ್ಲ, ಏಕೆಂದರೆ ಮನೆಯಲ್ಲಿ ಕರೆಯುವವರೇ ಇರಲಿಲ್ಲ. ಎರಡು ಕೋಣೆ, ಒಂದು ಫ್ರಿಜ್, ಒಂದು ಕುರ್ಚಿ. ಇನ್ನೊಂದು ಕುರ್ಚಿಯ ಮೇಲೆ ಹಳೆಯ ಪುಸ್ತಕಗಳು ಕೂತಿದ್ದವು, ಎಬ್ಬಿಸುವ ಕಾರಣ ಬಂದಿರಲಿಲ್ಲ. ತಮ್ಮ ವರ್ಷಕ್ಕೊಮ್ಮೆ ಫೋನು ಮಾಡಿ, "ಅಕ್ಕಾ, ಆರೋಗ್ಯ?" ಎಂದು ಕೇಳುತ್ತಿದ್ದ. ಉತ್ತರ ಅರ್ಧ ಆಗುವಷ್ಟರಲ್ಲಿ ಅವನ ಕಡೆ ಯಾರೋ ಬಾಗಿಲು ತಟ್ಟುತ್ತಿದ್ದರು.

ಆದರೆ ಪರೀಕ್ಷೆ ಬಂತೆಂದರೆ ಸಾಕು, ಆಕೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಉಪನ್ಯಾಸಕರು ಒಂದು ಗಂಟೆ ಮಾತಾಡಿ ತಲೆಗೆ ಹತ್ತಿಸಲಾಗದ್ದನ್ನು ಪ್ಲೇಟಮ್ಮ ಸಿಂಕಿನ ಪಕ್ಕ ನಿಂತು ಐದು ನಿಮಿಷದಲ್ಲಿ ಹತ್ತಿಸುತ್ತಿದ್ದಳು. ಊಟದಿಂದ ಬರುವ ಕಾಯಿಲೆಗೆ ಆಕೆ ಮೂರು ಖಾನೆ ಮಾಡಿದ್ದಳು.

"ಮೊದಲನೇದು ಇನ್ಫೆಕ್ಷನ್. ಕಳ್ಳ ಜೀವಂತ ಒಳಗೆ ಬಂದು, ಮನೇಲೇ ಬಿಡಾರ ಹೂಡಿ, ಗೋಡೆ ಕೊರೀತಾನೆ. ಸಾಲ್ಮೊನೆಲ್ಲ, ಶಿಗೆಲ್ಲ, ಕ್ಯಾಂಪಿಲೊಬ್ಯಾಕ್ಟರ್. ಗೋಡೆ ಕೊರೆದ್ರೆ ಮನೆಯವ್ರು ಸುಮ್ನಿರ್ತಾರಾ? ಅದಕ್ಕೇ ಜ್ವರ. ಕೊರೆಯೋಕೆ ಹೊತ್ತು ಬೇಕು, ಅರ್ಧ ದಿನದಿಂದ ಮೂರ್ನಾಲ್ಕು ದಿನ. ಎರಡನೇದು ಇಂಟಾಕ್ಸಿಕೇಶನ್. ಕಳ್ಳ ನಿಮ್ಮ ಮನೆಗೆ ಬರ್ಲೇಬೇಕು ಅಂತಿಲ್ಲ, ಅಡುಗೆಮನೇಲೇ ಅನ್ನಕ್ಕೆ ವಿಷ ಹಾಕಿ ಹೋಗಿರ್ತಾನೆ. ಸ್ಟ್ಯಾಫ್ ಆರಿಯಸ್, ಅನ್ನದಲ್ಲಿ ವಾಂತಿ ಮಾಡಿಸೋ ಬ್ಯಾಸಿಲಸ್ ಸಿರಿಯಸ್. ತಿಂದಿದ್ದೇ ವಿಷ, ಅದಕ್ಕೇ ಒಂದರಿಂದ ಆರು ಗಂಟೇಲಿ ವಾಂತಿ. ಕುದಿಸಿದ್ರೆ ಸ್ಟ್ಯಾಫ್ ಸಾಯುತ್ತೆ, ಅದರ ವಿಷ ಸಾಯಲ್ಲ."

"ಬೊಟುಲಿನಂ, ಪ್ಲೇಟಮ್ಮ?"

"ಅದೂ ಎರಡನೇ ಖಾನೆ. ಅದಕ್ಕೆ ಒಂದು ದಿನವೇ ಹಿಡೀಬಹುದು, ನರಕ್ಕೆ ಹೊಡೆಯುತ್ತೆ, ಕಣ್ಣು ಎರಡೆರಡು ಕಾಣುತ್ತೆ. ಗಂಟೆ ಲೆಕ್ಕ ನೋಡಿ ಮೊದಲನೇ ಖಾನೆಗೆ ಹಾಕಿದ್ರೆ ಬಲೆಗೆ ಬಿದ್ರಿ ಅಂತ ಅರ್ಥ. ಇನ್ನು ಮೂರನೇದು, ಎಲ್ರೂ ಮರೆಯೋದು. ಕಳ್ಳ ಜೀವಂತ ಒಳಗೆ ಬರ್ತಾನೆ, ಆದ್ರೆ ಗೋಡೆ ಕೊರೆಯಲ್ಲ. ಜಗಲೀಲಿ ಕೂತು ಅಲ್ಲೇ ವಿಷ ಕಾರ್ತಾನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್, ಕಾಲರಾ, ಇ-ಕೋಲೈನಲ್ಲಿ ವಿಷ ಕಾರೋ ಜಾತಿ, ಸಿರಿಯಸ್‌ನಲ್ಲಿ ಭೇದಿ ಮಾಡಿಸೋ ಜಾತಿ. ಪರ್ಫ್ರಿಂಜನ್ಸ್‌ಗೆ ಎಂಟರಿಂದ ಹದಿನಾರು ಗಂಟೆ. ಹೊಟ್ಟೆನೋವು, ಭೇದಿ. ಜ್ವರ ಇಲ್ಲ, ವಾಂತಿ ಅಪರೂಪ, ಒಂದು ದಿನಕ್ಕೆ ತಣ್ಣಗಾಗುತ್ತೆ."

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹನ್ನೆರಡು ವರ್ಷದ ಹಿಂದೆ ಹುಡುಗಿಯರಿಗೆ ಕೊಟ್ಟಿದ್ದಳು. ಅದು ನಕಲಿನ ನಕಲಾಗಿ, ಅಂಚು ಕಪ್ಪಾಗಿ, ಕಾಲೇಜನ್ನೇ ದಾಟಿ ಹೋಗಿತ್ತು. ಹಾಳೆಯ ಕೊನೆಗೆ ಕ್ವಿಜ್ ಗೆಲ್ಲುವ ಉಪಾಯಗಳು. ಅವುಗಳಲ್ಲಿ ಒಂದು, ಎಲ್ಲರ ಬಾಯಲ್ಲೂ ಇದ್ದದ್ದು: ಪ್ರಶ್ನೆಯಲ್ಲಿ ಅಡುಗೆಯವರ ಕೈಗೆ ಗಾಯವಾಗಿದ್ದರೆ ಯೋಚಿಸುತ್ತ ಕೂರಬೇಡಿ, ಸ್ಟ್ಯಾಫ್ ಎಂದು ಬರೆಯಿರಿ.

ಆ ಶನಿವಾರ ಕಾಲೇಜಿನಲ್ಲಿ ಅಂತರ್‌ಕಾಲೇಜು ಕ್ವಿಜ್ ನಡೆಯಿತು. ನಲವತ್ತು ಪ್ರಶ್ನೆ ಬರೆದವಳು ಪ್ಲೇಟಮ್ಮ. ವೇದಿಕೆಯಲ್ಲಿ ಓದಿದವಳು ಕಿರಿಯ ಉಪನ್ಯಾಸಕಿ, ಅಂದರೆ ಎಂಟು ವರ್ಷದ ಹಿಂದೆ ಇದೇ ಸಿಂಕಿನ ಪಕ್ಕ ನಿಂತು ಮೂರು ಖಾನೆ ಕಲಿತವಳು. ಆಹ್ವಾನ ಪತ್ರಿಕೆಯಲ್ಲಿ ಪ್ರಶ್ನೆಗಳು ವಿಭಾಗದ ಮುಖ್ಯಸ್ಥರವು. ಸಂಜೆ ಬೇರೆ ಕಾಲೇಜಿನ ತಂಡಗಳಿಗೆ, ಅತಿಥಿಗಳಿಗೆ, ಅಧ್ಯಾಪಕರಿಗೆ ಔತಣ. ಕರೆಯಬೇಕಾದವರ ಪಟ್ಟಿ ಪ್ರಯೋಗಾಲಯದ ಬಾಗಿಲ ತನಕ ಬಂದು ಅಲ್ಲೇ ನಿಂತಿತ್ತು. ಮೈಕು, ಕುರ್ಚಿ ಎಣಿಸಿ ಒಳಗಿಟ್ಟು ಪ್ಲೇಟಮ್ಮ ಹಾಸ್ಟೆಲಿನ ಅಡುಗೆಮನೆಯ ಕಿಟಕಿಗೆ ಹೋದಳು.

ಕಿಟಕಿಯ ಆಚೆ ಸೌಟಕ್ಕ. ನೂರಹದಿನಾರು ಹುಡುಗಿಯರಿಗೆ ಬೇಯಿಸುವ ಹೆಂಗಸು. ದೊಡ್ಡ ಸೌಟು ಕೈಯಲ್ಲಿದ್ದರೆ ವಾರ್ಡನ್ನನ್ನೂ ಲೆಕ್ಕಕ್ಕಿಡದವಳು. ಒಬ್ಬಳಿಗೆಂದು ಒಲೆ ಹಚ್ಚುವ ಬೇಸರಕ್ಕೆ ಪ್ಲೇಟಮ್ಮ ಒಂಬತ್ತು ವರ್ಷದಿಂದ ಇಲ್ಲಿಂದಲೇ ರಾತ್ರಿಯೂಟದ ಡಬ್ಬಿ ಒಯ್ಯುತ್ತಿದ್ದಳು. ದಿನದಲ್ಲಿ ಕೆಲಸದ್ದಲ್ಲದ ಮಾತು ಆಡುತ್ತಿದ್ದುದು ಆ ಡಬ್ಬಿ ತುಂಬುವ ನಾಲ್ಕು ನಿಮಿಷ ಮಾತ್ರ. ಪ್ಲೇಟಮ್ಮ ಆ ನಾಲ್ಕು ನಿಮಿಷವನ್ನು ಯಾರಿಗೂ ಹೇಳದೆ ಇಡೀ ದಿನ ಕಾಯುತ್ತಿದ್ದಳು.

"ಏನು ತಂಗಿ, ಔತಣಕ್ಕೆ ಹೋಗಿಲ್ವಾ?"

"ಕರೆದ್ರೆ ತಾನೇ ಅಕ್ಕ?"

"ಸರಿ ಬಿಡು. ಪ್ರಶ್ನೆ ನಿಂದು, ಕೋಳಿ ಕಾಲು ಅವರದ್ದು." ಸೌಟಕ್ಕನ ಎಡಗೈ ತೋರುಬೆರಳಿಗೆ ದಪ್ಪ ಬಟ್ಟೆ ಸುತ್ತಿತ್ತು. ಹಿಂದಿನ ದಿನ ಈರುಳ್ಳಿ ಜೊತೆ ಬೆರಳೂ ಹೆಚ್ಚಿಕೊಂಡಿದ್ದಳು. ರಜೆ ಕೇಳಿದ್ದಕ್ಕೆ ವಾರ್ಡನ್, "ಕ್ವಿಜ್ ಮುಗೀಲಿ, ಆಮೇಲೆ ಬೇಕಾದ್ರೆ ಕೈಯನ್ನೇ ಕತ್ತರಿಸ್ಕೋ" ಎಂದಿದ್ದರಂತೆ. "ಇವತ್ತು ಹುಡುಗೀರ ಮಾಂಸದ ಸಾರು ಹನ್ನೊಂದಕ್ಕೇ ಇಳಿಸಿದ್ದೀನಿ. ಮಧ್ಯಾಹ್ನದಿಂದ ಒಲೆ ಎಲ್ಲ ಅತಿಥಿಗಳ ಅಡುಗೆಗೆ ಬೇಕು ಅಂದ್ರು ವಾರ್ಡನ್ನಮ್ಮ. ಹಂಡೆ ಉಗ್ರಾಣದಲ್ಲಿ ಮುಚ್ಚಿಟ್ಟು ಈಗ ಬಡಿಸ್ತಿದ್ದೀನಿ. ಚೆನ್ನಾಗಿ ಕುದಿಸೋಣ ಅಂದ್ರೆ, ಬೆಚ್ಚಗಾದ್ರೆ ಸಾಕು, ಒಲೆ ಬಿಡು ಅಂದ್ರು."

ಇಪ್ಪತ್ತೇಳು ವರ್ಷದ ವಿದ್ಯೆ ಆಗ ಪ್ಲೇಟಮ್ಮನ ಕಿವಿಯಲ್ಲಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಔತಣದ ಕಡೆಯಿಂದ ನಗು ಕೇಳುತ್ತಿತ್ತು, ಆಕೆ ಅದನ್ನೇ ಕೇಳುತ್ತಿದ್ದಳು. ಮನೆಗೆ ಬಂದು ಡಬ್ಬಿಯನ್ನು ತೆರೆಯದೆ ಫ್ರಿಜ್ಜಿನಲ್ಲಿಟ್ಟು, ಒಂದು ಲೋಟ ಹಾಲು ಕುಡಿದು ಮಲಗಿದಳು.

ಭಾನುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಹಾಸ್ಟೆಲಿನ ಮೊದಲ ಹುಡುಗಿ ಕಾಲೇಜಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಳು. ಹನ್ನೊಂದರ ಹೊತ್ತಿಗೆ ಮೂವತ್ತೆಂಟು ಮಂದಿ, ಹೊಟ್ಟೆ ಹಿಡಿದುಕೊಂಡು ಬೆಂಚುಗಳ ಮೇಲೆ ಮಡಚಿ ಕೂತಿದ್ದರು. ಎಂಟಕ್ಕೆ ತಿಂಡಿ. ಬ್ರೆಡ್ಡು, ಬೆಂದ ಮೊಟ್ಟೆ. ಬ್ರೆಡ್ಡು ಕತ್ತರಿಸಿ ಹಂಚಿದ್ದು ಬಟ್ಟೆ ಸುತ್ತಿದ ಬೆರಳಿನ ಸೌಟಕ್ಕ.

"ತಿಂಡಿ ತಿಂದ್ರು, ಬಿದ್ರು," ಎಂದು ವಾರ್ಡನ್ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಆ ಬೆರಳು ನೋಡಿ. ಕೀವು ಬಂದಿದೆ. ನಾನೇನು ಹೇಳೋದು?"

ಕಿರಿಯ ಉಪನ್ಯಾಸಕಿಗೆ ಬೇರೇನೂ ಬೇಕಾಗಲಿಲ್ಲ. ಗಾಯದ ಬೆರಳು, ಎರಡು ಗಂಟೆ, ಹೊಟ್ಟೆ. ಹಿಂದಿನ ದಿನ ವೇದಿಕೆಯ ಮೇಲೆ ಇದೇ ಪ್ರಶ್ನೆ ಓದಿ, ಉತ್ತರ ಬಂದಾಗ ಚಪ್ಪಾಳೆಗೆ ಕೈ ತೋರಿಸಿದ್ದಳು. ಹತ್ತಿ ಕಡ್ಡಿ ತಂದು ಸೌಟಕ್ಕನ ಗಾಯದಿಂದ ಮಾದರಿ ತೆಗೆದಳು. ಉಳಿದ ಬ್ರೆಡ್ಡು, ಐದು ಹುಡುಗಿಯರ ಮಲದ ಮಾದರಿಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿದಳು. ರಾತ್ರಿಯ ಹಂಡೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ವಾರ್ಡನ್ ಅದನ್ನು ಏಳು ಗಂಟೆಗೇ ತೊಳೆಸಿದ್ದರು. ಸ್ವಚ್ಛತೆಯ ಮೇಲೆ ಅವರಿಗೆ ಅಂದು ಎಲ್ಲಿಲ್ಲದ ಅಕ್ಕರೆ.

ಮಾದರಿಗಳನ್ನು ಪ್ಲೇಟಿಗೆ ಸವರಿ ಬೆಳೆಯಲಿಟ್ಟವಳು ಪ್ಲೇಟಮ್ಮನೇ. ಸೋಮವಾರ ಬೆಳಿಗ್ಗೆ ಗಾಯದ ಪ್ಲೇಟಿನಲ್ಲಿ ಚಿನ್ನದ ಬಣ್ಣದ ದುಂಡು ಚುಕ್ಕೆಗಳು. ಅದನ್ನು ಪ್ಲಾಸ್ಮಾ ಹಾಕಿದ ಕೊಳವೆಗೆ ಬಿಟ್ಟಳು. ನಾಲ್ಕು ಗಂಟೆಯಲ್ಲಿ ಪ್ಲಾಸ್ಮಾ ಗಟ್ಟಿಯಾಗಿ, ಕೊಳವೆ ಓರೆ ಮಾಡಿದರೂ ಅಲುಗಲಿಲ್ಲ. ಸ್ಟ್ಯಾಫ್ ಆರಿಯಸ್, ಅನುಮಾನವೇ ಇಲ್ಲ.

"ಬಂತಾ ಅಮ್ಮ?" ಕಿರಿಯ ಉಪನ್ಯಾಸಕಿ ಬಾಗಿಲಲ್ಲೇ ಕೇಳಿದಳು. ಕೆಲಸ ಸಿಕ್ಕ ಮೇಲೂ 'ಅಮ್ಮ' ಎನ್ನುವುದನ್ನು ಬಿಡದವಳು ಅವಳೊಬ್ಬಳೇ.

"ಬಂತು."

"ಗೊತ್ತಿತ್ತು ನಂಗೆ. ನಿಮ್ಮ ಹಾಳೇಲಿ ಹೇಳಿದ ಹಾಗೇ! ಸರ್‌ಗೆ ವರದಿ ಕರಡು ಕೊಟ್ಬಿಡ್ತೀನಿ. ಬುಧವಾರ ವಿಚಾರಣೆ. ಸೌಟಕ್ಕನ್ನ ತೆಗೀತಾರಂತೆ ಪಾಪ, ಆದ್ರೆ ಏನ್ಮಾಡೋದು?"

ನಿಮ್ಮ ಹಾಳೇಲಿ. ಬೆಂಕಿ ಇಟ್ಟವರಿಗೇ ಮೊದಲು ಹೊಗೆಯ ವಾಸನೆ ಬರಬೇಕು. ಪ್ಲೇಟಮ್ಮನಿಗೆ ಆಗ ಬಂತು.

ಕೊಳವೆಯನ್ನು ಸ್ಟ್ಯಾಂಡಿಗಿಟ್ಟು ಆಕೆ ತುರ್ತು ವಿಭಾಗದ ರಿಜಿಸ್ಟರ್ ನೋಡಲು ಹೋದಳು. ಮೂವತ್ತೆಂಟು ಸಾಲು. ಭೇದಿ, ಹೊಟ್ಟೆ ಹಿಂಡುವಿಕೆ, ಭೇದಿ, ಭೇದಿ. ಜ್ವರದ ಕಡೆ ಎಲ್ಲ 'ಇಲ್ಲ'. ವಾಂತಿ ಮೂರೇ ಮೂರು. ಎಲ್ಲರೂ ಭಾನುವಾರ ರಾತ್ರಿಯೊಳಗೆ ವಾಪಸು. ಸ್ಟ್ಯಾಫ್ ಆಗಿದ್ದರೆ ಆ ಬೆಂಚಿನ ಕೆಳಗೆ ಬಕೆಟ್ಟಿನ ಸಾಲು ಇರಬೇಕಿತ್ತು. ವಾಂತಿ ಎಲ್ಲಿ? ಸ್ಟ್ಯಾಫ್‌ನ ವಿಷ ಒಳಗೆ ಬಂದು ವಾಂತಿ ಮಾಡಿಸದೆ ಹೋಗುವುದೆಂದರೆ ಪೊಲೀಸಿನವರು ಮನೆಗೆ ಬಂದು ಕಾಫಿ ಮಾತ್ರ ಕುಡಿದು ಹೋದ ಹಾಗೆ. ಆಗಬಾರದೆಂದಿಲ್ಲ. ಆದರೆ ಮೂವತ್ತೆಂಟು ಮನೆಯಲ್ಲಿ ಹಾಗಾಗುವುದಿಲ್ಲ.

ಮಧ್ಯಾಹ್ನ ಒಂದು ನೋಟ್‌ಬುಕ್ ಹಿಡಿದು ಹಾಸ್ಟೆಲಿನ ಕೋಣೆ ಕೋಣೆಗೆ ಹೋದಳು. ಪ್ರಯೋಗಾಲಯದಿಂದ ಇಷ್ಟು ದೂರ ಬಂದ ಪ್ಲೇಟಮ್ಮನನ್ನು ಹುಡುಗಿಯರು ನೋಡಿಯೇ ಇರಲಿಲ್ಲ.

"ಮೊದಲು ಕಕ್ಕಸಿಗೆ ಓಡಿದ್ದು ಎಷ್ಟು ಹೊತ್ತಿಗೆ?"

"ಅಯ್ಯೋ ಪ್ಲೇಟಮ್ಮ, ಅದನ್ನೂ ಬರ್ಕೋತೀರಾ?"

"ಅದನ್ನೇ ಬರ್ಕೊಳೋದು. ಹೇಳು."

"ಐದೂವರೆಗೆ. ಅಲ್ಲಿ ಆಗ್ಲೇ ಕ್ಯೂ ಇತ್ತು. ಇವಳು ಒಳಗೆ ಕೂತು ಹಾಡು ಹೇಳ್ತಿದ್ಲು, ನಾವು ಹೊರಗೆ ಅಳ್ತಿದ್ವಿ."

"ಐದೂವರೆ? ಆಸ್ಪತ್ರೆಗೆ ಬಂದಿದ್ದು ಹತ್ತಕ್ಕಲ್ವಾ?"

"ವಾರ್ಡನ್ ಗೇಟು ತೆಗ್ಸಿದ್ದೇ ಒಂಬತ್ತೂವರೆಗೆ. ಭಾನುವಾರ ಅಲ್ವಾ? ನಾವು ಹದಿನಾಲ್ಕು ಜನ ತಿಂಡಿ ಮುಖಾನೇ ನೋಡಿಲ್ಲ."

ನೋಟ್‌ಬುಕ್ಕಿನ ಮೇಲೆ ಪೆನ್ಸಿಲ್ ನಿಂತಿತು. ತಿಂಡಿ ಎಂಟಕ್ಕೆ, ಕಾಯಿಲೆ ಐದೂವರೆಗೆ. ಕಾಯಿಲೆ ಬಂದ ಗಂಟೆಯನ್ನು ಯಾರೂ ಕೇಳಿರಲಿಲ್ಲ. ಗೇಟಿನ ಬೀಗ ತೆರೆದ ಗಂಟೆಯನ್ನೇ ಕಾಯಿಲೆಯ ಗಂಟೆ ಎಂದು ಬರೆದುಕೊಂಡಿದ್ದರು. ಪ್ಲೇಟಮ್ಮ ನೂರಹದಿನಾರು ಜನರನ್ನೂ ಕೇಳಿ ಮುಗಿಸಿದಳು. ರಾತ್ರಿ ಮಾಂಸದ ಸಾರು ತಿಂದವರು ಎಪ್ಪತ್ತು, ಅವರಲ್ಲಿ ಬಿದ್ದವರು ಮೂವತ್ತೇಳು. ತಿನ್ನದವರು ನಲವತ್ತಾರು, ಬಿದ್ದವಳು ಒಬ್ಬಳು. ಊಟ ಎಂಟಕ್ಕೆ. ಬಹುಪಾಲು ಮಂದಿಗೆ ಹೊಟ್ಟೆ ಹಿಂಡಲು ಶುರುವಾದದ್ದು ಐದರಿಂದ ಎಂಟರ ನಡುವೆ. ಒಂಬತ್ತರಿಂದ ಹನ್ನೆರಡು ಗಂಟೆ.

ಮೂರನೆಯ ಖಾನೆ.

ಹಂಡೆ ಆಗ ಕಣ್ಣಿಗೆ ಕಟ್ಟಿತು. ಹಂಡೆ ಕುದಿದಾಗ ಪರ್ಫ್ರಿಂಜನ್ಸ್ ಸತ್ತಿರುತ್ತದೆ, ಅದರ ಬೀಜಕಣ ಸಾಯುವುದಿಲ್ಲ. ಆಳದ ಹಂಡೆ, ಮುಚ್ಚಳ, ಒಳಗೆ ಗಾಳಿ ಕಡಿಮೆ, ಮಾಂಸ. ತಣ್ಣಗಾಗಲು ಒಂಬತ್ತು ಗಂಟೆ. ಆ ಬೆಚ್ಚಗಿನಲ್ಲಿ ಬೀಜಕಣ ಮೊಳೆತು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತ ಹೋಗುತ್ತದೆ. ಬಡಿಸುವ ಮೊದಲು ತಳದ ತನಕ ಕುದಿಸಿದ್ದರೆ ಅಷ್ಟೂ ಸಾಯುತ್ತಿದ್ದವು. ಬೆಚ್ಚಗೆ ಮಾಡಿ ಬಡಿಸಿದರೆ ಕೋಟಿಗಟ್ಟಲೆ ಜೀವಂತ ಹೊಟ್ಟೆಗಿಳಿದು, ಕರುಳಲ್ಲಿ ಮತ್ತೆ ಬೀಜಕಣ ಕಟ್ಟುತ್ತ ವಿಷ ಬಿಡುತ್ತವೆ. ಇದೆಲ್ಲ ಆಕೆಗೆ ಬಾಯಿಪಾಠ. ಶನಿವಾರ ಸಂಜೆ ಕಿಟಕಿಯಲ್ಲಿ ಸೌಟಕ್ಕ ಪ್ರಶ್ನೆಯನ್ನು ಪೂರ್ತಿ ಓದಿ ಹೇಳಿದ್ದಳು. ನಲವತ್ತು ಪ್ರಶ್ನೆ ಬರೆದವಳು ಉತ್ತರ ಕೊಡಲಿಲ್ಲ.

ಆದರೆ ವಿಚಾರಣೆಗೆ ಬಾಯಿಪಾಠ ಸಾಲದು, ಪ್ಲೇಟು ಬೇಕು. ಗಾಳಿಯಲ್ಲಿ ಬೆಳೆಯದ ಈ ಜೀವಿಗೆ ಗಾಳಿ ತೆಗೆದ ಜಾಡಿ ಬೇಕು, ಜಾಡಿಗೆ ರಾಸಾಯನಿಕದ ಪೊಟ್ಟಣ ಬೇಕು. ಪೊಟ್ಟಣ ಉಳಿದಿದ್ದದ್ದು ಒಂದೇ, ಅದೂ ಬರುವ ತಿಂಗಳ ಪ್ರಾಯೋಗಿಕ ಪರೀಕ್ಷೆಗೆಂದು ಬೀರುವಿನಲ್ಲಿ ಬೀಗ ಹಾಕಿಟ್ಟದ್ದು. ಬೀಗದ ಕೈ ಆಕೆಯ ಬಳಿಯೇ ಇತ್ತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅನುಮತಿ ಇಲ್ಲದೆ ಬೀರು ತೆಗೆದಳು. ಚುಕ್ಕೆಗಳನ್ನು ಎಣಿಸಲು ಬರುವಂತೆ ಐದು ಮಲದ ಮಾದರಿಗಳನ್ನು ಒಂದಕ್ಕೆ ಹತ್ತರಂತೆ ತೆಳು ಮಾಡುತ್ತ ಹೋದಳು. ಮನೆಗೆ ಹೋಗಿ ಫ್ರಿಜ್ಜಿನಿಂದ ತೆರೆಯದ ಡಬ್ಬಿ ತಂದು ಆ ಸಾರನ್ನೂ ಪ್ಲೇಟಿಗೆ ಸವರಿದಳು. ತನ್ನ ಊಟವನ್ನು ತಾನೇ ಚಿಮುಟದಲ್ಲಿ ತೆಗೆದು ತೂಗುವಾಗ, ಇದನ್ನು ತಿಂದಿದ್ದರೆ ಆ ರಾತ್ರಿ ಎರಡು ಕೋಣೆಯಲ್ಲಿ ತನಗೆ ನೀರು ಕೊಡುವವರು ಯಾರು ಎಂಬ ಯೋಚನೆ ಬಂತು. ಕೆಲಸವಿತ್ತು, ಅದನ್ನು ದೂರ ತಳ್ಳಿದಳು.

ಮಂಗಳವಾರ ಮಧ್ಯಾಹ್ನ ಜಾಡಿ ತೆಗೆದಾಗ ರಕ್ತದ ಅಗರಿನ ಮೇಲೆ ಪ್ರತಿ ಚುಕ್ಕೆಯ ಸುತ್ತ ಎರಡೆರಡು ಬಳೆ. ಒಳಗಿನದು ತಿಳಿ, ಹೊರಗಿನದು ಮಬ್ಬು. ಮೊಟ್ಟೆಯ ಹಳದಿ ಹಾಕಿದ ಪ್ಲೇಟಿನಲ್ಲಿ ವಿಷನಿರೋಧಕ ಸವರದ ಅರ್ಧಕ್ಕೆ ಹಾಲಿನಂಥ ಮಂಜು, ಸವರಿದ ಅರ್ಧಕ್ಕೆ ಮಂಜಿಲ್ಲ. ಎರಡೂ ಪರ್ಫ್ರಿಂಜನ್ಸ್‌ನ ಗುರುತು. ಆರೋಗ್ಯವಂತರ ಹೊಟ್ಟೆಯಲ್ಲೂ ಈ ಜೀವಿ ಒಂದಿಷ್ಟು ಇರುತ್ತದೆ, ಆದ್ದರಿಂದ ಎಣಿಸಬೇಕು. ಎಣಿಸಿದಳು. ಮಲದ ಪ್ರತಿ ಗ್ರಾಮಿಗೆ ಹತ್ತು ಲಕ್ಷಕ್ಕೂ ಮೇಲೆ, ಐದರಲ್ಲಿ ನಾಲ್ಕಕ್ಕೆ. ಡಬ್ಬಿಯ ಸಾರಿನಲ್ಲಿ ಮೂರು ಲಕ್ಷ. ಚಳಿಯಲ್ಲಿ ಈ ಜೀವಿ ಸಾಯುತ್ತದೆ, ಆದರೂ ಅಷ್ಟು. ಬ್ರೆಡ್ಡಿನ ಪ್ಲೇಟಿನಲ್ಲಿ ಸ್ಟ್ಯಾಫ್ ಒಂದು ಚುಕ್ಕೆಯೂ ಇಲ್ಲ. ಅದು ಸೋಮವಾರವೇ ಗೊತ್ತಾಗಿತ್ತು. ಕರಡಿನಲ್ಲಿ ಆ ಸಾಲು ಇರಲಿಲ್ಲ.

ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಕೇಳಿಸಿಕೊಂಡರು. "ನಿಮ್ಮ ಮನೆ ಫ್ರಿಜ್ಜಿನ ಡಬ್ಬಿ ಸಾಕ್ಷ್ಯ ಆಗುತ್ತೇನಮ್ಮಾ?"

"ಒಂದೇ ಆದ್ರೆ ಇಲ್ಲ ಸರ್. ನಾಲ್ಕು ಮಲ, ಗಂಟೆ ಲೆಕ್ಕ, ತಿಂದೋರ ಲೆಕ್ಕ ಎಲ್ಲ ಒಂದೇ ಕಡೆ ಬೆರಳು ತೋರಿಸ್ತಿವೆ."

"ಬೆರಳಲ್ಲೂ ಸ್ಟ್ಯಾಫ್ ಇದೆ ತಾನೇ? ನಾವು ಬರೆದಿದ್ದು ಸುಳ್ಳಲ್ಲವಲ್ಲ?"

"ಸುಳ್ಳಲ್ಲ ಸರ್. ನಮ್ಮ ನಿಮ್ಮ ಮೂಗಿನ ಮಾದರಿ ತೆಗೆದ್ರೂ ಮೂವರಲ್ಲಿ ಒಬ್ರಿಗೆ ಅದೇ ಬರುತ್ತೆ. ಹಾಗಂತ ನಮ್ಮನ್ನ ಕೆಲಸದಿಂದ ತೆಗೀತಾರಾ?"

ಮುಖ್ಯಸ್ಥರು ಕನ್ನಡಕ ಇಳಿಸಿದರು. "ಪೊಟ್ಟಣ ಪರೀಕ್ಷೆಗೆ ಇಟ್ಟಿದ್ದು," ಎಂದಷ್ಟೇ ಹೇಳಿದರು. ನಿಜದ ಬೆಲೆ ಒಂದು ಪೊಟ್ಟಣಕ್ಕಿಂತ ಕಡಿಮೆ ಎಂದು ನಂಬಿದ ಮನುಷ್ಯನೊಂದಿಗೆ ಜಗಳವಾಡಲು ಆಕೆಗೆ ಪುರಸೊತ್ತಿರಲಿಲ್ಲ.

ಬುಧವಾರದ ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ. ಮೇಜಿನ ಸುತ್ತ ಪ್ರಿನ್ಸಿಪಾಲರು, ಮುಖ್ಯಸ್ಥರು, ವಾರ್ಡನ್, ಕಿರಿಯ ಉಪನ್ಯಾಸಕಿ. ಗೋಡೆಗೆ ಒರಗಿ ಸೌಟಕ್ಕ, ಸೌಟಿಲ್ಲದೆ. ಆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಪ್ಲೇಟಮ್ಮನನ್ನು ಕರೆದಿರಲಿಲ್ಲ. ಮೂರು ಪ್ಲೇಟು, ನೋಟ್‌ಬುಕ್ಕು ಎದೆಗವಚಿಕೊಂಡು ತಾನಾಗಿಯೇ ಒಳಗೆ ಬಂದು ನಿಂತಳು.

"ಒಂದು ಮಾತು ಸರ್. ಬ್ರೆಡ್ಡು ಕತ್ತರಿಸಿದ್ದು ಏಳೂವರೆಗೆ, ತಿಂದಿದ್ದು ಎಂಟಕ್ಕೆ. ಬೆರಳಿಂದ ಸ್ಟ್ಯಾಫ್ ಬಿದ್ದೇ ಇತ್ತು ಅಂತಿಟ್ಕೊಳ್ಳಿ. ಅದು ಬೆಳೆದು ವಿಷ ಮಾಡೋಕೆ ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಲೆ ಬೇಕು. ಅರ್ಧ ಗಂಟೆ ಸಾಲಲ್ಲ. ಇನ್ನು ಹದಿನಾಲ್ಕು ಹುಡುಗೀರು ತಿಂಡೀನೇ ತಿಂದಿಲ್ಲ. ತಿನ್ನದ ಬ್ರೆಡ್ಡಿಂದ ಕಾಯಿಲೆ ಬರುತ್ತಾ?"

"ಹುಡುಗೀರ ಮಾತು ಕಟ್ಕೊಂಡು..." ವಾರ್ಡನ್ ಶುರುಮಾಡಿದರು.

"ಹೂಂ, ಅವರ ಮಾತೇ. ಹೊಟ್ಟೆ ಅವರದ್ದು." ಪ್ಲೇಟಮ್ಮ ಪ್ಲೇಟುಗಳನ್ನು ಮೇಜಿನ ಮೇಲಿಟ್ಟಳು. ಹಂಡೆ, ಒಂಬತ್ತು ಗಂಟೆ, ಬೆಚ್ಚಗಿನ ಸಾರು, ಲೆಕ್ಕ, ಎಲ್ಲವನ್ನೂ ಸಿಂಕಿನ ಪಕ್ಕ ಹೇಳುವ ಹಾಗೇ ಹೇಳಿದಳು. "ಇದು ಕೈಯ ತಪ್ಪಲ್ಲ ಸರ್, ಹೊತ್ತಿನ ತಪ್ಪು. ಹನ್ನೊಂದಕ್ಕೆ ಇಳಿಸು ಅಂದೋರು ಯಾರು, ಕುದಿಸಬೇಡ ಅಂದೋರು ಯಾರು, ಅದನ್ನ ಕೇಳಿ."

ಪ್ರಿನ್ಸಿಪಾಲರು ಉಪನ್ಯಾಸಕಿಯ ಕಡೆ ತಿರುಗಿದರು. "ಏನಮ್ಮಾ, ಕರಡಲ್ಲಿ ನೀವು ಹೀಗೆ ಬರೆದಿಲ್ವಲ್ಲ?"

ಅವಳ ಮುಖ ಕೆಂಪಾಯಿತು. "ನಾನು... ಗಾಯ ನೋಡಿದ್ದೇ... ನಮ್ಗೆ ಹಾಗೇ ಹೇಳ್ಕೊಟ್ಟಿದ್ದು ಸರ್."

"ಹೇಳ್ಕೊಟ್ಟಿದ್ದು ನಾನು," ಎಂದಳು ಪ್ಲೇಟಮ್ಮ. "ಆ ಹಾಳೆ ಬರೆದೋಳು ನಾನೇ. ಗಾಯ ಕಂಡ್ರೆ ಯೋಚಿಸಬೇಡಿ ಅಂತ ಬರೆದಿದ್ದೆ. ಕ್ವಿಜ್ಜಲ್ಲಿ ಯಾರಿಗೂ ಸುಮ್ನೆ ಗಾಯ ಆಗಲ್ಲ, ಪ್ರಶ್ನೆ ಬರೆಯೋರು ಬೇಕು ಅಂತ್ಲೇ ಮಾಡಿರ್ತಾರೆ. ಅಡುಗೆಮನೇಲಿ ಸುಮ್ನೇನೂ ಆಗುತ್ತೆ. ಈರುಳ್ಳಿ ಹೆಚ್ಚುವಾಗ ಆಗುತ್ತೆ. ಈ ಹುಡುಗೀದೇನೂ ತಪ್ಪಿಲ್ಲ."

ಗೋಡೆಗೊರಗಿದ್ದ ಸೌಟಕ್ಕ ತಲೆಯೆತ್ತಿ ಆಕೆಯನ್ನು ನೋಡಿದಳು. ಮೊದಲ ಸಲ ನೋಡುವವಳ ಹಾಗೆ.

ಮುಕ್ಕಾಲು ಗಂಟೆ ಗುಸುಗುಸು ನಡೆದು ಕಾಗದ ಹೊರಬಂತು. ಕಾಯಿಲೆಗೆ ಕಾರಣ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್, ಅಡುಗೆಯವರ ಗಾಯಕ್ಕೂ ಇದಕ್ಕೂ ಸಂಬಂಧವಿಲ್ಲ, ಅವರು ಕೆಲಸದಲ್ಲಿ ಮುಂದುವರಿಯಬಹುದು. ಮುಖ್ಯಸ್ಥರು ಸಹಿ ಹಾಕಿದರು, ಕೆಳಗೆ ಸಂಶೋಧನೆಯ ಕೀರ್ತಿ ತಮ್ಮ ವಿಭಾಗಕ್ಕೆ ಬರುವ ಹಾಗೆ. ಹಂಡೆಯ ಬಗ್ಗೆ ಒಂದು ಸಾಲಿತ್ತು: ಆಹಾರವನ್ನು ಇಟ್ಟುಕೊಳ್ಳುವ ಕ್ರಮದಲ್ಲಿ ಸುಧಾರಣೆ ಅಗತ್ಯ. ಯಾರು ಇಟ್ಟರು, ಯಾರು ಇಡಿಸಿದರು? ಹಂಡೆ ತಾನೇ ನಡೆದು ಉಗ್ರಾಣಕ್ಕೆ ಹೋಗಿ ಕೂತಿತ್ತು ಎಂದುಕೊಳ್ಳಬೇಕು.

ಸೌಟಕ್ಕ ಕಾಗದವನ್ನು ಒಬ್ಬ ಹುಡುಗಿಯಿಂದ ಎರಡು ಸಲ ಓದಿಸಿಕೊಂಡು ಪ್ರಿನ್ಸಿಪಾಲರ ಬಾಗಿಲಿಗೆ ವಾಪಸು ಹೋದಳು. "ಎಲ್ಲಾ ಸರಿ ಸಾಹೇಬ್ರೆ. ಭಾನುವಾರ ಅಷ್ಟು ಜನರ ಮುಂದೆ ನನ್ನ ಕೈ ತೋರ್ಸಿ ಕೀವು ಅಂದ್ರಲ್ಲ ವಾರ್ಡನ್ನಮ್ಮ. ಅಷ್ಟೇ ಜನರ ಮುಂದೆ, ಇಳಿಸು ಅಂದೋಳು ನಾನೇ ಅಂತ ಒಂದು ಮಾತು ಹೇಳ್ಲಿ. ನಾಳೆಯಿಂದ ಒಲೆ ಹಚ್ತೀನಿ."

ಅದು ಆಗುವುದಿಲ್ಲ ಎಂದರು. ಹಠ ಮಾಡಬೇಡ ಎಂದರು.

"ಹಾಗಾದ್ರೆ ಬಿಡಿ. ನನ್ನ ಕೈ ಚೊಕ್ಕ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ, ಬೇರೆ ಕಡೆ ಅನ್ನ ಹುಟ್ಟುತ್ತೆ." ಸೊಸೆಯ ತವರಿನ ಹತ್ತಿರ ಒಂದು ಕಾರ್ಖಾನೆಯ ಕ್ಯಾಂಟೀನು. ಬಸ್ಸಿನಲ್ಲಿ ಆರು ಗಂಟೆ ದಾರಿ.

ಶುಕ್ರವಾರ ಮಧ್ಯಾಹ್ನ ಪ್ಲೇಟಮ್ಮ ಅರ್ಧ ದಿನ ರಜೆ ಹಾಕಿ ಅವಳ ಟ್ರಂಕಿನ ಒಂದು ಹಿಡಿ ಹಿಡಿದು ಬಸ್ ನಿಲ್ದಾಣಕ್ಕೆ ನಡೆದಳು. ಒಂಬತ್ತು ವರ್ಷ ಕಿಟಕಿಯ ಎರಡು ಕಡೆ ನಿಂತಿದ್ದವರು ಪಕ್ಕಪಕ್ಕ ನಡೆದದ್ದು ಅದೇ ಮೊದಲು. ಸೌಟಕ್ಕ ತನಗಿಂತ ಗಿಡ್ಡ ಎಂಬುದು ಪ್ಲೇಟಮ್ಮನಿಗೆ ಆಗಷ್ಟೇ ತಿಳಿಯಿತು. ಅಡುಗೆಮನೆಯ ನೆಲ ಎತ್ತರವಿತ್ತು.

ಇಬ್ಬರೂ ಬೆಂಚಿನ ಮೇಲೆ ಕೂತು ಟ್ರಂಕನ್ನು ಕಾಲ ಬಳಿ ಎಳೆದುಕೊಂಡರು.

"ಆ ಹಾಳೆ," ಎಂದಳು ಸೌಟಕ್ಕ. "ನೀನೇ ಬರೆದಿದ್ದಾ ನಿಜವಾಗ್ಲೂ? ಹುಡುಗೀನ ಉಳಿಸೋಕೆ ಹೇಳಿದ್ದಲ್ವಾ?"

"ನಾನೇ ಅಕ್ಕ. ಹನ್ನೆರಡು ವರ್ಷ ಆಯ್ತು."

"ಅಂದ್ರೆ ದಿನಾ ನನ್ನ ಕೈಯಡುಗೆ ತಿಂತಾ, ಅಡುಗೆಯವರ ಕೈ ಮೇಲೆ ಕಣ್ಣಿಡಿ ಅಂತ ಹೇಳ್ಕೊಡ್ತಿದ್ದೆ."

 ಪರೀಕ್ಷೆಗೆ ನೆರವಾಗುವ ಸಾಲು ಬರೆಯುವಾಗ ಪ್ರಶ್ನೆಯೊಳಗಿನ ಅಡುಗೆಯವಳಿಗೂ ಮನೆ, ಸೊಸೆ, ಟ್ರಂಕು ಇರುತ್ತವೆ ಎಂದು ಪ್ಲೇಟಮ್ಮನಿಗೆ ಹೊಳೆದಿರಲಿಲ್ಲ.

"ಶನಿವಾರ ನೀನು ಹಂಡೆ ವಿಷಯ ಹೇಳಿದಾಗ್ಲೂ ನಾನು ಕೇಳಿಸ್ಕೊಳ್ಲಿಲ್ಲ ಅಕ್ಕ. ಕೇಳಿಸ್ಕೊಂಡಿದ್ರೆ ಯಾರೂ ಬೀಳ್ತಿರ್ಲಿಲ್ಲ."

ಸೌಟಕ್ಕ ನಕ್ಕಳು. "ನಿಂಗೆ ಎಲ್ಲ ತಪ್ಪೂ ಬೇಕು ನೋಡು. ಒಂದಿಷ್ಟು ಬೇರೆಯವ್ರಿಗೂ ಬಿಡು. ತಗೋಳಲ್ಲ ಅಂದ್ರೂ ಬಿಡು." ಮತ್ತೆ ಗಂಭೀರಳಾದಳು. "ಕೋಪ ಇದೆ ತಂಗಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಒಳಗೆ ಬಂದು ನಿಂತಿದ್ದು ನೀನೊಬ್ಳೇ. ಎರಡೂ ಇದೆ, ಏನು ಮಾಡ್ಲಿ?"

ಪ್ಲೇಟಮ್ಮ ಎರಡು ದಿನದಿಂದ ಒಂದು ಮಾತನ್ನು ನಾಲಿಗೆಯ ಮೇಲೆ ಹೊರಳಿಸುತ್ತಿದ್ದಳು. ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಇಲ್ಲೇ ಇರು, ಈ ಊರಲ್ಲೂ ಕ್ಯಾಂಟೀನುಗಳಿವೆ. ಅಷ್ಟೇ. ಮೂರು ಲಕ್ಷ ಎಣಿಸಿದ ಹೆಂಗಸಿಗೆ ಆ ಹತ್ತು ಪದ ಜೋಡಿಸಲಾಗಲಿಲ್ಲ. ಬಸ್ಸು ಬಂತು. ಟ್ರಂಕು ಮೇಲೇರಿತು. ಸೌಟಕ್ಕ ಮೆಟ್ಟಿಲು ಹತ್ತಿ ಕಂಬಿ ಹಿಡಿದು ತಿರುಗಿದಾಗ ಎಂಜಿನ್ನಿನ ಸದ್ದಿನಲ್ಲಿ ಪ್ಲೇಟಮ್ಮ ಅದನ್ನು ಹೇಳಿಯೇಬಿಟ್ಟಳು.

"ಏನಂದೆ?" ಸೌಟಕ್ಕ ಬಾಗಿ ಕಿವಿಗೆ ಕೈಯಿಟ್ಟಳು.

ಹಿಂದಿದ್ದವರು, "ಹತ್ರೀ ಅಮ್ಮಾ, ದಾರಿ ಬಿಡಿ" ಎನ್ನುತ್ತಿದ್ದರು.

"ಏನಿಲ್ಲ. ಬಟ್ಟೆ ದಿನಾ ಬದಲಾಯ್ಸು ಅಂದೆ. ವಾಸಿ ಆಗೋ ತನಕ ಆ ಕೈಲಿ ಹಿಟ್ಟು ಮುಟ್ಬೇಡ."

"ಆಯ್ತು ಡಾಕ್ಟ್ರಮ್ಮ," ಎಂದು ಸೌಟಕ್ಕ ಒಳಗೆ ಸೀಟು ಹುಡುಕಲು ಹೋದಳು. ಬಸ್ಸಿನ ಆ ಕಡೆಯ ಕಿಟಕಿ ಸಿಕ್ಕಿರಬೇಕು, ಈ ಕಡೆ ಕಾಣಲಿಲ್ಲ. ಬಸ್ಸು ತಿರುವು ದಾಟುವ ತನಕ ಪ್ಲೇಟಮ್ಮ ಕೈ ಬೀಸುತ್ತಲೇ ಇದ್ದಳು. ಆಮೇಲೆ, ಬೀಸುವುದನ್ನು ಯಾವಾಗ ನಿಲ್ಲಿಸಬೇಕೆಂದು ತಿಳಿಯದೆ, ಇನ್ನೂ ಸ್ವಲ್ಪ ಹೊತ್ತು.